ಐಆರ್‌ಆರ್ ಜಾಸ್ತಿ ಇದ್ದರೂ ಎನ್‌ಪಿವಿ ನೋಡಿ ಆರಿಸಿ

ಎಲ್ಲರಿಗೂ ನಮಸ್ಕಾರ. ಎಣ್ಣೆ ಗಾಣಕ್ಕೆ ಎರಡು ಯಂತ್ರಗಳಲ್ಲಿ ಯಾವುದನ್ನು ಕೊಳ್ಳಬೇಕು ಎಂಬ ನಿನ್ನೆಯ ಲೆಕ್ಕದಲ್ಲಿ ತುಂಬಾ ಜನ ಚಿಕ್ಕ ಯಂತ್ರ ಆರಿಸಿದ್ದೀರಿ. ಇನ್ನೊಮ್ಮೆ ನೋಡೋಣ. ಹಾಕಿದ ಹಣ ವರ್ಷಕ್ಕೆ ಯಾವ ದರದಲ್ಲಿ ಲಾಭ ತರುತ್ತದೆ ಅನ್ನುವುದು ಐಆರ್‌ಆರ್. ಮುಂದೆ ಬರುವ ಹಣದ ಇವತ್ತಿನ ಬೆಲೆಯಲ್ಲಿ ಹಾಕಿದ ಹಣ ಕಳೆದರೆ ಉಳಿಯುವುದು ಎನ್‌ಪಿವಿ.

ಚಿಕ್ಕದಕ್ಕೆ 5 ಲಕ್ಷ ಹಾಕಿದರೆ ವರ್ಷಕ್ಕೆ 1.8 ಲಕ್ಷ ಬರುತ್ತದೆ. ದೊಡ್ಡದಕ್ಕೆ 12 ಲಕ್ಷ ಹಾಕಿದರೆ 4 ಲಕ್ಷ. ಎರಡರ ಆಯಸ್ಸೂ 5 ವರ್ಷ, ಬಂಡವಾಳದ ವೆಚ್ಚ 12%. ಒಂದನ್ನು ಮಾತ್ರ ಕೊಳ್ಳಬಹುದು.

ಚಿಕ್ಕದರ ಹಣ ಸುಮಾರು 2.8 ವರ್ಷಕ್ಕೆ ವಾಪಸ್, ದೊಡ್ಡದರದ್ದು 3 ವರ್ಷಕ್ಕೆ. ಐಆರ್‌ಆರ್ ಕೂಡ ಚಿಕ್ಕದರದ್ದೇ ಜಾಸ್ತಿ: ಸುಮಾರು 23.4%, ದೊಡ್ಡದು 19.9%. ಆದರೆ ಎನ್‌ಪಿವಿ ಚಿಕ್ಕದಕ್ಕೆ 1.49 ಲಕ್ಷ, ದೊಡ್ಡದಕ್ಕೆ 2.42 ಲಕ್ಷ. ಐಆರ್‌ಆರ್ ಬರೀ ದರ ಹೇಳುತ್ತದೆ, ಎಷ್ಟು ಹಣದ ಮೇಲೆ ಅಂತ ಹೇಳುವುದಿಲ್ಲ.

ಅನುಮಾನ ಇದ್ದರೆ ವ್ಯತ್ಯಾಸವನ್ನೇ ಬೇರೆ ಯೋಜನೆ ಅಂದುಕೊಳ್ಳಿ. ಹೆಚ್ಚುವರಿ 7 ಲಕ್ಷಕ್ಕೆ ವರ್ಷಕ್ಕೆ 2.2 ಲಕ್ಷ ಜಾಸ್ತಿ ಬರುತ್ತದೆ. ಅದರ ಐಆರ್‌ಆರ್ ಸುಮಾರು 17.2%. ನಮ್ಮ 12% ಗಿಂತ ಮೇಲಿದೆ ಅಲ್ವಾ? ಹಾಗಾಗಿ ದೊಡ್ಡ ಯಂತ್ರವೇ ಸರಿ. ಬಂಡವಾಳದ ವೆಚ್ಚ 17.2% ದಾಟಿದರೆ ಮಾತ್ರ ಚಿಕ್ಕದು ಗೆಲ್ಲುತ್ತದೆ. ಆ 7 ಲಕ್ಷ ಹೊಂದಿಸಲು ಆಗದೇ ಇದ್ದರೆ ಮಾತು ಬೇರೆ.

ಎಕ್ಸೆಲ್‌ನಲ್ಲಿ ಮಾಡುವವರು ಗಮನಿಸಿ. B2ರಲ್ಲಿ -1200000, B3ರಿಂದ B7ರವರೆಗೆ 400000 ಹಾಕಿ, ಸೂತ್ರ ಹೀಗೆ ಬರೆಯಿರಿ:

```
=NPV(12%,B3:B7)+B2
```

B2ವನ್ನು ಆವರಣದೊಳಗೆ ಸೇರಿಸಿದರೆ ಇವತ್ತು ಕೊಡುವ ಹಣವನ್ನೂ ಎಕ್ಸೆಲ್ ಒಂದು ವರ್ಷ ಮುಂದಕ್ಕೆ ಹಾಕುತ್ತದೆ. ನಿಮಗೆ 2.16 ಲಕ್ಷ ಬಂದಿದ್ದರೆ ಆಗಿರುವುದು ಇದೇ. ತಿದ್ದಿ, ಇವತ್ತು ಸಂಜೆಯೊಳಗೆ ಇಲ್ಲೇ ಹಾಕಿ.