ನಿನ್ನ ಪರಿಚಯದ ಸಾಲುಗಳ ಬಗ್ಗೆ

ಪ್ರೀತಿಯ ಗೆಳೆಯ,

ನೀನು ಕಳಿಸಿದ ಪರಿಚಯ ಓದಿದೆ. 'ರೋಗಿಗಳ ಆರೈಕೆಯಲ್ಲಿ ಅಪಾರ ಆಸಕ್ತಿ ಹೊಂದಿರುವ, ಸಮರ್ಪಣಾ ಮನೋಭಾವದ ಫಿಸಿಯೋಥೆರಪಿಸ್ಟ್. ಬಿಡುವಿನಲ್ಲಿ ಓದು, ಸಂಗೀತ, ಪ್ರವಾಸ ಇಷ್ಟ.' ತಪ್ಪೇನೂ ಇಲ್ಲ ಕಣೋ. ಆದರೆ ನಿನ್ನ ಹೆಸರು ತೆಗೆದು ನಿನ್ನ ಸಹೋದ್ಯೋಗಿಯ ಹೆಸರು ಹಾಕಿ ನೋಡು. ಒಂದಕ್ಷರವೂ ಬದಲಾಗಬೇಕಿಲ್ಲ, ಅಲ್ವಾ? ಯಾವ ಸಾಲು ಇನ್ನೊಬ್ಬರಿಗೂ ಹಾಗೇ ಒಪ್ಪುತ್ತದೋ ಅಲ್ಲೇ ಕೆಲಸ ಬಾಕಿ ಇದೆ.

ಹಾಗಂತ ಎಲ್ಲ ಸಾಲನ್ನೂ ಕೆದಕಬೇಡ. ಓದಿದ್ದು, ಕೆಲಸದ ಅನುಭವ, ಯಾವ ತೊಂದರೆ ನೋಡುತ್ತೀಯ ಅನ್ನೋದು ಸಾದಾ ಆಗೇ ಇರಲಿ. ಓದುವವರು ಮೊದಲು ಹುಡುಕೋದೇ ಅದನ್ನು. ಬದಲಾಗಬೇಕಾದ್ದು 'ಅಪಾರ ಆಸಕ್ತಿ', 'ಸಮರ್ಪಣಾ ಮನೋಭಾವ'. ಅವು ನಿನಗೆ ನೀನೇ ಕೊಟ್ಟುಕೊಂಡ ಸರ್ಟಿಫಿಕೇಟು. ಅದರ ಬದಲು ಆ ಆಸಕ್ತಿ ಇರೋದರಿಂದ ನೀನು ಏನು ಮಾಡುತ್ತೀಯ ಅಂತ ಬರಿ.

ಮಂಡಿ ಆಪರೇಷನ್ ಆದವರು ಬಂದರೆ, ಕಾಲು ಎಷ್ಟು ಮಡಚುತ್ತದೆ ಅಂತ ಅಳೆಯುವ ಮುಂಚೆಯೇ 'ಮನೆಯಲ್ಲಿ ಯಾವ ಮೆಟ್ಟಿಲು ಕಂಡರೆ ಭಯ?' ಅಂತ ಕೇಳ್ತೀನಿ ಅಂದಿದ್ದೆಯಲ್ಲ. ಅದನ್ನು ಹಾಕಿ ಹೀಗೆ ಬರೆದು ನೋಡಿದೆ:

'ಫಿಸಿಯೋಥೆರಪಿಸ್ಟ್. ಮಂಡಿ ಆಪರೇಷನ್ ಆದವರನ್ನು ಮತ್ತೆ ನಡೆಯುವಂತೆ ಮಾಡುವುದು ಇವರ ಕೆಲಸ. ಮನೆಯಲ್ಲಿ ಯಾವ ಮೆಟ್ಟಿಲು ಕಂಡರೆ ಭಯ ಎಂದು ಮೊದಲು ಕೇಳುತ್ತಾರೆ. ಕಾಲಿನ ಅಳತೆ ಆಮೇಲೆ.'

ಹೊಗಳಿಕೆಯ ಮಾತು ಒಂದೂ ಇಲ್ಲ. ಆದರೂ ನೋವಿರುವವರು ಓದಿದರೆ 'ಇವರು ನನ್ನ ಮಾತು ಕೇಳುತ್ತಾರೆ' ಅನಿಸುತ್ತದೆ. ವ್ಯಾಯಾಮ ಮಾಡಿಸುವಾಗ ನೀನು ಹತ್ತರಿಂದ ಒಂದಕ್ಕೆ ಎಣಿಸೋದೂ ನೆನಪಾಯ್ತು. ಇನ್ನು ಎಷ್ಟು ಉಳಿದಿದೆ ಅಂತ ಗೊತ್ತಿದ್ದರೆ ಜನ ಅರ್ಧಕ್ಕೆ ಬಿಡೋದಿಲ್ಲ ಅಂತೀಯ. ಚೆನ್ನಾಗಿದೆ, ಆದರೆ ಸೇರಿಸಲಿಲ್ಲ. ಇಷ್ಟು ಚಿಕ್ಕ ಪರಿಚಯದಲ್ಲಿ ಇಂಥ ಎರಡು ವಿವರ ಬಂದರೆ ಬೇಕಂತಲೇ ತೋರಿಸಿಕೊಂಡ ಹಾಗೆ ಕಾಣುತ್ತದೆ. ಎರಡರಲ್ಲಿ ಮೆಟ್ಟಿಲೇ ಗಟ್ಟಿ ಅನ್ನೋದು ನನ್ನ ಲೆಕ್ಕ. ನಿನಗೆ ಎಣಿಕೆಯೇ ಇಷ್ಟವಾದರೆ ಅದನ್ನು ಇಟ್ಟು ಇದನ್ನು ಬಿಡು.

ಇನ್ನೊಂದು ಮಾತು. ನಿನಗೆ ಮಾತ್ರ ಗೊತ್ತಿರೋದನ್ನು ಬರಿ ಅಂದರೆ ನಮ್ಮಿಬ್ಬರಿಗೆ ಮಾತ್ರ ಅರ್ಥವಾಗೋ ತಮಾಷೆ ಬರಿ ಅಂತಲ್ಲ. ವಿವರ ನಿನ್ನದಾಗಿರಬೇಕು, ಗುರುತಿಲ್ಲದವರಿಗೂ ಒಂದೇ ಓದಿಗೆ ತಿಳಿಯಬೇಕು. ರೋಗಿಗಳ ವಿಷಯ ಬರೆಯುವಾಗಲಂತೂ ಹುಷಾರು. ಹೆಸರು ಬಿಟ್ಟರೂ ವಯಸ್ಸು, ಕೆಲಸ, ತೊಂದರೆ ಮೂರೂ ಸೇರಿದರೆ ಅವರ ಮನೆಯವರಿಗೆ ಯಾರೆಂದು ತಿಳಿದುಬಿಡುತ್ತದೆ. ನಿನ್ನ ಅಭ್ಯಾಸ ಹೇಳು, ಅವರ ಕಥೆ ಬೇಡ.

ಕೊನೇ ಸಾಲು ನನ್ನ ಕೈಲಿ ಆಗಲ್ಲ ಮಾರಾಯ. 'ಓದು, ಸಂಗೀತ, ಪ್ರವಾಸ' ಯಾರಿಗೆ ಇಷ್ಟವಿಲ್ಲ ಹೇಳು? ನಾನೇ ಏನೋ ಊಹಿಸಿ ಬರೆದರೆ ಕೇಳೋಕೆ ಚೆಂದ ಇರುತ್ತದೆ, ನಿಜ ಇರಲ್ಲ. ಯಾರಾದರೂ ಅದರ ಬಗ್ಗೆಯೇ ಮಾತು ತೆಗೆದರೆ ನೀನು ತಬ್ಬಿಬ್ಬಾಗ್ತೀಯ. ಕಳೆದ ರಜೆಯ ದಿನ ನಿಜವಾಗಿ ಏನು ಮಾಡಿದೆ ಅಂತ ಸುಮ್ನೆ ಬರೆದು ಕಳಿಸು. ಮಲಗಿದ್ದೆ ಅಂತಿದ್ದರೆ ಆ ಸಾಲನ್ನೇ ತೆಗೆದುಬಿಡೋಣ.

ನಿನ್ನ ಗೆಳೆಯ