ಮುಟ್ಟಿನ ಮುಂಚಿನ ವಾರದ ಕನಸುಗಳು

ಚಿ. ಶುಭಾಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ಮುಟ್ಟಾಗುವುದಕ್ಕೆ ನಾಲ್ಕೈದು ದಿನ ಮುಂಚೆ ಬೀಳುವ ಕನಸುಗಳು ಕಣ್ಣಿಗೆ ಕಟ್ಟಿದಂತಿರುತ್ತವೆ, ಎದ್ದ ಮೇಲೂ ಕಾರಣವಿಲ್ಲದೆ ಅಳು ಬರುತ್ತದೆ, ಇದು ಅಪಶಕುನವೇ ಎಂದು ನೀನು ಕೇಳಿದ್ದೀಯೆ. ಶಕುನವಲ್ಲ, ಮಗಳೇ. ಅಂಡ ಬಿಡುಗಡೆಯಾದ ಮೇಲೆ ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಏರಿ ಮೈಯ ಬಿಸಿ ಅರ್ಧ ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಷ್ಟು ಹೆಚ್ಚುತ್ತದೆ; ಆ ಹಾರ್ಮೋನಿನಿಂದ ಮಿದುಳಿನಲ್ಲಿ ಹುಟ್ಟುವ ಒಂದು ವಸ್ತು ಸಾಮಾನ್ಯವಾಗಿ ಮನಸ್ಸನ್ನು ಶಾಂತಗೊಳಿಸುತ್ತದೆ. ಮುಟ್ಟು ಹತ್ತಿರವಾದಾಗ ಈಸ್ಟ್ರೊಜೆನ್ ಎಂಬ ಇನ್ನೊಂದು ಹಾರ್ಮೋನೂ ಪ್ರೊಜೆಸ್ಟರಾನ್ನೂ ಒಟ್ಟಿಗೆ ಇಳಿಯುತ್ತವೆ, ಹಲವರಿಗೆ ನಿದ್ದೆ ಹರಿದು ಹರಿದು ಬರುತ್ತದೆ. ಗಾಢವಾದ ಕನಸುಗಳು ಹೆಚ್ಚಾಗಿ ಬೀಳುವುದು ಬೆಳಗಿನ ಜಾವದ ನಿದ್ದೆಯಲ್ಲಿ, ನೆನಪಿನಲ್ಲಿ ಉಳಿಯುವುದು ಅವುಗಳ ನಡುವೆಯೇ ಎಚ್ಚರವಾದಾಗ. ಆದ್ದರಿಂದ ಕನಸು ಹೆಚ್ಚಾದಂತೆ ತೋರಿದರೂ ಎಷ್ಟೋ ಸಲ ಹೆಚ್ಚಾಗಿರುವುದು ಎಚ್ಚರವೇ.

ನನಗೆ ಇದು ತಿಳಿದದ್ದು ತಡವಾಗಿ. ನಲವತ್ತೆಂಟರಲ್ಲಿ ಮುಟ್ಟು ತಪ್ಪಿ ತಪ್ಪಿ ಬರುತ್ತಿದ್ದಾಗ, ರಾತ್ರಿ ಮೂರಕ್ಕೆ ಕುಪ್ಪಸ ಒದ್ದೆಯಾಗುವಷ್ಟು ಬೆವತು ಎಚ್ಚರವಾಗುತ್ತಿತ್ತು. ಊರ ಬಾವಿಯಲ್ಲಿ ನಿಮ್ಮಜ್ಜಿ ಕೂಗುವ ಕನಸು ಮೂರು ದಿನ ಬಿದ್ದಾಗ ನಾನೂ ಹರಕೆ ಹೊತ್ತೆ. ಅದು ಮುಟ್ಟು ನಿಲ್ಲುವ ಕಾಲದ ಬೆವರು ಎಂದು ತಿಳಿದ ಮೇಲೆ ಬಾವಿಯ ಭಯ ಇಳಿಯಿತು.

ಹಾರ್ಮೋನಿನ ರಕ್ತಪರೀಕ್ಷೆಗೆ ಅವಸರ ಬೇಡ. ಈ ತೊಂದರೆ ಇರುವವರಲ್ಲೂ ಹಾರ್ಮೋನಿನ ಪ್ರಮಾಣ ಸಾಮಾನ್ಯವಾಗಿಯೇ ಇರುತ್ತದೆ, ಅದರ ಏರಿಳಿತಕ್ಕೆ ಮಿದುಳು ಪ್ರತಿಕ್ರಿಯಿಸುವ ರೀತಿ ಮಾತ್ರ ಬೇರೆ. ಅದರ ಬದಲು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಎರಡು ಮುಟ್ಟಿನವರೆಗೆ ದಿನವೂ ಗುರುತು ಹಾಕು: ಕನಸಿಗೆ ಒಂದು ಅಂಕಿ, ಮನಸ್ಸಿಗೆ ಒಂದು, ಏನೂ ಇಲ್ಲದಿದ್ದರೆ ಸೊನ್ನೆ, ತೀರಾ ಹೆಚ್ಚಿದ್ದರೆ ಮೂರು. ಅಂದಂದೇ ಬರೆಯಬೇಕು, ವಾರದ ಕೊನೆಗೆ ನೆನಪು ಮಾಡಿಕೊಂಡು ಬರೆದದ್ದು ನಂಬಲಾಗದು. ಜೂನ್ 3ಕ್ಕೆ ಮುಟ್ಟಾಗಿ, 26ರಿಂದ ಮೂರರ ಅಂಕಿ ಬಿದ್ದು, ಜುಲೈ 1ಕ್ಕೆ ಮತ್ತೆ ಮುಟ್ಟಾದ ಮೇಲೆ 3, 4ನೇ ತಾರೀಖಿನ ಹೊತ್ತಿಗೆ ಸೊನ್ನೆಗೆ ಬಂದರೆ, ಮುಂದಿನ ತಿಂಗಳೂ ಹಾಗೆಯೇ ಆದರೆ, ಅದು ಮುಟ್ಟಿಗೆ ಅಂಟಿದ್ದು. ಜೂನ್ 10ರ ಸುಮಾರಿಗೂ ಮೂರರ ಅಂಕಿಯೇ ಇದ್ದರೆ ಕಾರಣ ಬೇರೆಯೂ ಇರಬಹುದು. ಥೈರಾಯ್ಡ್, ರಕ್ತಹೀನತೆ, ಖಿನ್ನತೆ ಇವನ್ನು ವೈದ್ಯರು ನೋಡಬೇಕಾಗುತ್ತದೆ.

ಮುಟ್ಟಿಗೆ ಅಂಟಿದ್ದೇ ಆದರೂ ಕೆಲಸಕ್ಕೆ ಹೋಗಲಾಗದಷ್ಟು, ಮನೆಯವರೊಡನೆ ಮಾತು ಮುರಿಯುವಷ್ಟು ತೀವ್ರವಿದ್ದರೆ ಅದಕ್ಕೆ ಔಷಧವಿದೆ, ಸಹಿಸುವ ಅಗತ್ಯವಿಲ್ಲ. ಮನಸ್ಸಿನ ಮಾತ್ರೆ ಕೊಟ್ಟರೆ ನೀನಾಗಿಯೇ ತಟ್ಟನೆ ನಿಲ್ಲಿಸಬೇಡ. ಹಾಗೆ ನಿಲ್ಲಿಸಿದಾಗ ಕನಸುಗಳು ಇನ್ನಷ್ಟು ಭೀಕರವಾಗುವುದುಂಟು. ಸಾಯುವ ಯೋಚನೆ ಒಂದು ದಿನ ಬಂದರೂ ಎರಡು ತಿಂಗಳ ಲೆಕ್ಕಕ್ಕೆ ಕಾಯದೆ ಅಂದೇ ವೈದ್ಯರನ್ನು ಕಾಣು, ನನಗೂ ಫೋನ್ ಮಾಡು, ಹೊತ್ತು ನೋಡಬೇಡ.

ವೈದ್ಯರಲ್ಲಿಗೆ ಹೋಗುವಾಗ ಕ್ಯಾಲೆಂಡರಿನ ಆ ಹಾಳೆಗಳನ್ನೇ ಕಿತ್ತು ಒಯ್ಯು.

ಇಂತು,
ನಿನ್ನ ದೊಡ್ಡಮ್ಮ