ಅವ್ವನಿಗೆ ಕೆಳಗಿನ ಬರ್ತ್ ಯಾಕೆ ಸಿಗಲಿಲ್ಲ: ಕೊಪ್ಪಳದ ಸಂಸದರಿಗೆ ಒಂದು ಬಹಿರಂಗ ಪತ್ರ

ಕೊಪ್ಪಳ ಲೋಕಸಭಾ ಕ್ಷೇತ್ರದ ಮಾನ್ಯ ಸಂಸದರಿಗೆ ನಮಸ್ಕಾರಗಳು.

ಸರ್, ನಮ್ಮ ಅವ್ವನಿಗೆ ಈಗ 63 ವರ್ಷ, ಅಪ್ಪನಿಗೆ 68. ಅವ್ವನ ಎರಡೂ ಮೊಣಕಾಲು ಸವೆದಿವೆ. ತೋರಿಸಲು ಬೆಂಗಳೂರಿಗೆ ಹೋಗಬೇಕಿತ್ತು. ರಾತ್ರಿ ರೈಲಿಗೆ ನಮ್ಮ ಮೂವರದ್ದೂ ಒಂದೇ ಟಿಕೆಟ್ ಮಾಡಿಸಿದೆ. ಟಿಕೆಟ್ ಮಾಡಿಕೊಡುವ ಅಂಗಡಿಯವರು, "ಕನ್ಫರ್ಮ್ ಆಗೇತಿ ಅಕ್ಕಾರ, ವಯಸ್ಸು ಹಾಕೀವಿ, ಕೆಳಗಿಂದೇ ಬರತೈತಿ" ಎಂದರು. ಬಂದದ್ದು 34, 35 ಮತ್ತು 37.

ಈ ನಂಬರ್ ನೋಡಿದರೇ ಬರ್ತ್ ಯಾವುದೆಂದು ಗೊತ್ತಾಗುತ್ತದೆ. ಸ್ಲೀಪರ್ ಡಬ್ಬಿಯಲ್ಲಿ ಎಂಟೆಂಟು ಬರ್ತ್‌ಗಳ ಗುಂಪು ಇರುತ್ತದೆ. ನಂಬರನ್ನು ಎಂಟರಿಂದ ಭಾಗಿಸಿ. 1 ಅಥವಾ 4 ಉಳಿದರೆ ಕೆಳಗಿನದು, 2 ಅಥವಾ 5 ಉಳಿದರೆ ನಡುವಿನದು, 3 ಅಥವಾ 6 ಉಳಿದರೆ ಮೇಲಿನದು. 7 ಉಳಿದರೆ ಸೈಡ್ ಲೋವರ್. ಪೂರ್ತಿ ಭಾಗವಾದರೆ ಸೈಡ್ ಅಪ್ಪರ್. ನಮ್ಮ ಮೂರರಲ್ಲಿ ಒಂದೂ ಕೆಳಗಿನದಲ್ಲ. ಅವ್ವ ಆ ರಾತ್ರಿ ಮಲಗಲೇ ಇಲ್ಲ. ಬಾಗಿಲ ಹತ್ತಿರ ಬ್ಯಾಗ್ ಮೇಲೆ ಕೂತೇ ಬೆಳಗು ಮಾಡಿದರು.

ಆಮೇಲೆ ನಾನು ನಿಯಮ ಓದಿದೆ. ನಮ್ಮ ಕಡೆಯ ಎಷ್ಟೋ ಜನರಿಗೆ ಇದು ಗೊತ್ತಿಲ್ಲ ಎನ್ನುವ ಕಾರಣಕ್ಕೇ ಈ ಪತ್ರ ಬರೆಯುತ್ತಿದ್ದೇನೆ.

ಕೆಳಗಿನ ಬರ್ತ್ ಸಿಗಲು ಎರಡು ದಾರಿ ಇವೆ. ಜನ ಎರಡನ್ನೂ ಒಂದೇ ಅಂದುಕೊಂಡಿದ್ದಾರೆ. ಮೊದಲನೆಯದು, ಜನರಲ್ ಕೋಟಾದಲ್ಲಿ ಟಿಕೆಟ್ ತೆಗೆದಾಗ ಕಂಪ್ಯೂಟರ್ ತಾನಾಗಿ ಮಾಡುವ ಕೆಲಸ. ಗಂಡಸರಿಗೆ 60, ಹೆಂಗಸರಿಗೆ 45 ವರ್ಷ ತುಂಬಿದ್ದರೆ, ನಾವು ಕೇಳದಿದ್ದರೂ ಅದು ಕೆಳಗಿನ ಬರ್ತ್ ಕೊಡಲು ನೋಡುತ್ತದೆ. ಆದರೆ ಆ ಹೊತ್ತಿಗೆ ಖಾಲಿ ಇದ್ದರೆ ಮಾತ್ರ. ಫಾರಂನಲ್ಲಿ 'ಲೋವರ್' ಎಂದು ಬರೆಯುವುದೂ ಇಷ್ಟೇ, ಅದು ಬರೀ ಕೋರಿಕೆ. 80 ಬರ್ತ್‌ಗಳ ಡಬ್ಬಿಯಲ್ಲಿ ಸೈಡ್ ಬಿಟ್ಟರೆ ಕೆಳಗಿನವು 20 ಮಾತ್ರ. ಎಲ್ಲರೂ ಕೇಳುವುದು ಅವನ್ನೇ. ಹಬ್ಬದ ಹೊತ್ತಿನಲ್ಲಂತೂ ನಾವು ಹೋಗುವಷ್ಟರಲ್ಲಿ ಮುಗಿದಿರುತ್ತವೆ.

ಎರಡನೆಯದು ಬೇರೆಯದೇ ಕೋಟಾ. ಆನ್‌ಲೈನ್‌ನಲ್ಲಿ ಅದರ ಹೆಸರು LOWER BERTH/SR.CITIZEN. ಪ್ರತಿ ಸ್ಲೀಪರ್ ಡಬ್ಬಿಯಲ್ಲಿ ಆರೇಳು ಕೆಳಗಿನ ಬರ್ತ್‌ಗಳನ್ನು ಇದಕ್ಕೆಂದೇ ತೆಗೆದಿಟ್ಟಿರುತ್ತಾರೆ. ಥರ್ಡ್ ಎಸಿಯಲ್ಲಿ ನಾಲ್ಕೈದು. 60 ದಾಟಿದ ಗಂಡಸರು, 45 ದಾಟಿದ ಹೆಂಗಸರು, ಗರ್ಭಿಣಿಯರು ಇದನ್ನು ಕೇಳಬಹುದು. ದರವೂ ಜಾಸ್ತಿ ಇಲ್ಲ. 2020ರ ಮಾರ್ಚ್‌ನಲ್ಲಿ ಹಿರಿಯರ ಟಿಕೆಟ್ ರಿಯಾಯಿತಿ ನಿಂತಾಗ ಎಲ್ಲ ಸೌಲಭ್ಯವೂ ಹೋಯಿತು ಎಂದು ನಮ್ಮ ಓಣಿಯಲ್ಲಿ ಸುಮಾರು ಜನ ತಿಳಿದಿದ್ದಾರೆ. ಹೋದದ್ದು ದರದ ರಿಯಾಯಿತಿ, ಈ ಕೋಟಾ ಈಗಲೂ ಇದೆ.

ನಾವು ಎಡವಿದ್ದು ಇದರ ಒಂದು ಷರತ್ತಿನಲ್ಲಿ. ಈ ಕೋಟಾದಲ್ಲಿ ಒಂದು ಟಿಕೆಟ್‌ಗೆ ಒಬ್ಬರು, ಇಲ್ಲವೇ ಇಬ್ಬರು ಮಾತ್ರ ಇರಬೇಕು. ಇಬ್ಬರಿದ್ದರೆ ಇಬ್ಬರಿಗೂ ಆ ವಯಸ್ಸಾಗಿರಬೇಕು. ನನಗೆ 38. ನನ್ನ ಹೆಸರು ಅದೇ ಟಿಕೆಟ್‌ನಲ್ಲಿ ಸೇರಿದ್ದಕ್ಕೆ ಅವ್ವ ಅಪ್ಪನಿಗೆ ಆ ಬಾಗಿಲೇ ಮುಚ್ಚಿತು. ಅವರನ್ನು ನೋಡಿಕೊಳ್ಳಲು ನಾನು ಜೊತೆಗೆ ಹೊರಟದ್ದೇ ಅವರಿಗೆ ಕೆಳಗಿನ ಬರ್ತ್ ತಪ್ಪಲು ಕಾರಣವಾಯಿತು, ಸರ್. ಇದು ನನಗೆ ಇವತ್ತಿಗೂ ನೋವು ಕೊಡುತ್ತದೆ.

ಲೇಡೀಸ್ ಕೋಟಾ ಇತ್ತಲ್ವಾ ಎಂದು ಕೆಲವರು ಕೇಳಿದರು. ಅದಕ್ಕೆ ವಯಸ್ಸಿನ ಲೆಕ್ಕವಿಲ್ಲ. ಒಂಟಿ ಹೆಣ್ಣುಮಗಳು, ಅಥವಾ ಬರೀ ಹೆಂಗಸರ ಗುಂಪು ತೆಗೆದುಕೊಳ್ಳಬಹುದು. ಆದರೆ ದೂರದ ಮೇಲ್, ಎಕ್ಸ್‌ಪ್ರೆಸ್ ರೈಲುಗಳ ಸ್ಲೀಪರ್‌ನಲ್ಲಿ ಅದಕ್ಕೆ ಇಟ್ಟಿರುವುದು ಆರೇ ಬರ್ತ್. ಅದೂ ಇಡೀ ರೈಲಿಗೆ. ಅದು ಸಿಕ್ಕರೂ ಕೆಳಗಿನದೇ ಎಂಬ ಖಾತ್ರಿ ಇಲ್ಲ. ಅಪ್ಪ ಜೊತೆಗಿದ್ದ ಟಿಕೆಟ್‌ಗೆ ಅದು ಹೇಗೂ ಆಗುತ್ತಿರಲಿಲ್ಲ.

ಬೆಂಗಳೂರಿನಿಂದ ಹಿಂದಿರುಗುವಾಗ ಎರಡು ಟಿಕೆಟ್ ಮಾಡಿದೆ. ಅವ್ವ ಅಪ್ಪನದು ಲೋವರ್ ಬರ್ತ್ ಕೋಟಾದಲ್ಲಿ, ನನ್ನದು ಜನರಲ್‌ನಲ್ಲಿ. ಅವರಿಗೆ S2 ಡಬ್ಬಿಯಲ್ಲಿ 25 ಮತ್ತು 28 ಬಂದವು. ಎದುರುಬದುರು, ಎರಡೂ ಕೆಳಗಿನವು. ನೋಡಿ ಕಣ್ಣಲ್ಲಿ ನೀರು ಬಂತು. ಆದರೆ ನನಗೆ S5ರಲ್ಲಿ ಮೇಲಿನ ಬರ್ತ್. ರಾತ್ರಿ ಅವ್ವನನ್ನು ಶೌಚಾಲಯಕ್ಕೆ ಕರೆದುಕೊಂಡು ಹೋಗುವವರು ಯಾರು? ಟಿಟಿಇ ಒಳ್ಳೆಯವರು, S2ರಲ್ಲಿದ್ದ ಒಬ್ಬ ಹುಡುಗನನ್ನು ಕೇಳಿ ಬದಲಿ ಮಾಡಿಸಿಕೊಟ್ಟರು. ಆ ಹುಡುಗ ಒಪ್ಪದಿದ್ದರೆ ನಾನು ರಾತ್ರಿಯೆಲ್ಲ ಮೂರು ಡಬ್ಬಿ ದಾಟಿ ಓಡಾಡಬೇಕಿತ್ತು.

ಒಂದೇ ಟಿಕೆಟ್ ಬೇಕೆನ್ನುವವರಿಗೆ ಆನ್‌ಲೈನ್‌ನಲ್ಲಿ ಇನ್ನೊಂದು ಅನುಕೂಲವಿದೆ. ಕನಿಷ್ಠ ಒಂದು ಕೆಳಗಿನ ಬರ್ತ್ ಸಿಕ್ಕರೆ ಮಾತ್ರ ಬುಕ್ ಮಾಡು ಎಂದು ಆರಿಸಬಹುದು. ಸಿಗದಿದ್ದರೆ ಟಿಕೆಟ್ ಆಗುವುದೇ ಇಲ್ಲ, ಕಟ್ಟಿದ ದುಡ್ಡು ವಾಪಸ್ ಬರುತ್ತದೆ. ಹೊರಡುವ ದಿನ ಬ್ಯಾಗ್ ಹಿಡಿದು ನಿಂತಾಗ ಗೊತ್ತಾಗುವುದಕ್ಕಿಂತ ಬುಕ್ ಮಾಡುವಾಗಲೇ ಗೊತ್ತಾಗುವುದು ಎಷ್ಟೋ ವಾಸಿ. ಇನ್ನು ರೈಲು ಹೊರಟ ಮೇಲೆ ಕೆಳಗಿನ ಬರ್ತ್ ಖಾಲಿ ಉಳಿದಿದ್ದರೆ, ಮೇಲಿನದು ಸಿಕ್ಕಿರುವ ಹಿರಿಯರಿಗೆ ಅದನ್ನು ಕೊಡುವ ಅಧಿಕಾರ ಟಿಟಿಇಗೆ ಇದೆ. ನಾವು ಹೋದ ರಾತ್ರಿ ನನಗೆ ಇದು ಗೊತ್ತಿರಲಿಲ್ಲ, ಕೇಳಲೂ ಇಲ್ಲ.

ಸರ್, ನಿಮ್ಮಿಂದ ಎರಡು ಕೆಲಸ ಆಗಬೇಕು.

ಮೊದಲನೆಯದು ಸಣ್ಣದು. ಕೊಪ್ಪಳದ ಟಿಕೆಟ್ ಕೌಂಟರ್ ಮುಂದೆ ಕನ್ನಡದಲ್ಲಿ ಒಂದು ಬೋರ್ಡ್ ಹಾಕಿಸಿ. "60 ದಾಟಿದ ಗಂಡಸರು, 45 ದಾಟಿದ ಹೆಂಗಸರು, ಗರ್ಭಿಣಿಯರು ಲೋವರ್ ಬರ್ತ್ ಕೋಟಾ ಎಂದು ಕೇಳಿ. ಟಿಕೆಟ್‌ನಲ್ಲಿ ಇಬ್ಬರಿಗಿಂತ ಜಾಸ್ತಿ ಇರಬಾರದು, ಇಬ್ಬರಿಗೂ ಆ ಅರ್ಹತೆ ಇರಬೇಕು." ಇಷ್ಟು ಬರೆದರೆ ಸಾಕು. ಹುಬ್ಬಳ್ಳಿ ವಿಭಾಗದ ಅಧಿಕಾರಿಗಳಿಗೆ ನೀವೊಂದು ಪತ್ರ ಬರೆದರೆ ಆಗುವ ಕೆಲಸ ಇದು. ನಮ್ಮ ಹಳ್ಳಿಗಳಿಂದ ಬರುವ ಹಿರಿಯರು ಮೊಬೈಲ್‌ನಲ್ಲಿ ಕೋಟಾ ಹುಡುಕುವವರಲ್ಲ, ಕೌಂಟರ್ ಮುಂದೆ ನಿಂತು "ಒಂದು ಟಿಕೆಟ್ ಕೊಡ್ರಿ" ಎನ್ನುವವರು.

ಎರಡನೆಯದು ದೊಡ್ಡದು, ದೆಹಲಿಯಲ್ಲಿ ಆಗಬೇಕಾದದ್ದು. ಇಬ್ಬರು ಹಿರಿಯರ ಜೊತೆ ನೋಡಿಕೊಳ್ಳುವವರು ಒಬ್ಬರು ಇದ್ದರೆ, ಮೂವರನ್ನೂ ಒಂದೇ ಟಿಕೆಟ್‌ನಲ್ಲಿ ಈ ಕೋಟಾಕ್ಕೆ ಸೇರಿಸಲಿ. ಹಿರಿಯರಿಬ್ಬರಿಗೆ ಕೆಳಗಿನವು ಬರಲಿ. ಮೂರನೆಯವರಿಗೆ ಅದೇ ಡಬ್ಬಿಯಲ್ಲಿ ನಡುವಿನದೋ ಮೇಲಿನದೋ ಯಾವುದಾದರೂ ಸಾಕು. ಕೋಟಾದ ಒಂದು ಬರ್ತ್ ಕೂಡ ಹೆಚ್ಚು ಖರ್ಚಾಗುವುದಿಲ್ಲ. ಅದಾಗುವವರೆಗೆ, ಇಂಥ ಮೂವರ ಹೆಸರು ಹಾಕಿದಾಗ "ಹಿರಿಯರ ಟಿಕೆಟ್ ಬೇರೆ ಮಾಡಿದರೆ ಕೆಳಗಿನ ಬರ್ತ್ ಸಿಗಬಹುದು" ಎಂದು ಪರದೆಯ ಮೇಲೆ ತೋರಿಸಲಿ. ಲೋಕಸಭೆಯಲ್ಲಿ 377ನೇ ನಿಯಮದಡಿ ಈ ವಿಷಯವನ್ನು ದಯವಿಟ್ಟು ಎತ್ತಿ.

ಅವ್ವನನ್ನು ಮತ್ತೆ ತೋರಿಸಲು ಬೆಂಗಳೂರಿಗೆ ಕರೆದೊಯ್ಯಬೇಕು. ಈ ಸಲವೂ ಎರಡು ಟಿಕೆಟ್ ಮಾಡುತ್ತೇನೆ. ನಿಮ್ಮ ಉತ್ತರಕ್ಕೆ ಕಾಯುತ್ತೇನೆ.

ಇತಿ,
ಕೊಪ್ಪಳದ ಒಬ್ಬ ಮಗಳು